ಒಂದೇ ಬಿಲ್ಲಿನೊಳಗೆ ಮೂರು ತಿಂಗಳು

ದಾವಣಗೆರೆಯ ಒಂದು ಮನೆಗೆ ಜೂನ್ 16ರಂದು ಹೊಸ ಬ್ರಾಡ್‌ಬ್ಯಾಂಡ್ ಬಂತು ಎಂದಿಟ್ಟುಕೊಳ್ಳೋಣ. ತಿಂಗಳ ಬಾಡಿಗೆ 600 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಮನೆಯವರು ಆಗಲೇ ಲೆಕ್ಕ ಹಾಕಿಟ್ಟುಕೊಂಡಿದ್ದಾರೆ: 600ಕ್ಕೆ ಶೇ. 18ರಂತೆ ತೆರಿಗೆ 108, ತಿಂಗಳಿಗೆ ಒಟ್ಟು 708. ಜೂನ್‌ನಲ್ಲಿ ಬಳಸಿದ್ದು ಹದಿನೈದೇ ದಿನ, ಹಾಗಾಗಿ ಮೊದಲ ಬಿಲ್ 354 ರೂಪಾಯಿ ದಾಟಬಾರದು. ಜುಲೈ 1ರಂದು ಬಂದ ಬಿಲ್ಲಿನಲ್ಲಿ ಇದ್ದದ್ದು 1,062.

ವೈರ್ ಎಳೆದು ಕೊಟ್ಟ ಹುಡುಗನಿಗೆ ಫೋನ್ ಹೋಗುತ್ತದೆ. "ಏನಪ್ಪಾ, ಹದಿನೈದು ದಿನಕ್ಕೆ ಸಾವಿರ ರೂಪಾಯಿ ಬಿಲ್ಲಾ?"

"ಮೊದಲ್ನೇ ಬಿಲ್ ಹಂಗೇ ಬರ್ತದೆ ಮೇಡಂ, ಮುಂದಿನ ತಿಂಗಳು ಸರಿ ಹೋಗ್ತದೆ."

ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಯಾಕೆ ಹಾಗೆ ಬರುತ್ತದೆ ಎಂದು ಅವನು ಬಿಡಿಸಿ ಹೇಳಲಿಲ್ಲ. ಫೋನ್, ಇಂಟರ್ನೆಟ್ ಬಿಲ್ಲಿನ ಬಗೆಗಿನ ಗೊಂದಲದಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಯೇ. ನಾವು ಬಿಲ್ಲನ್ನು ಒಂದು ತಿಂಗಳ ಲೆಕ್ಕ ಎಂದು ಓದುತ್ತೇವೆ. ನಿಜವಾಗಿ ಅದರಲ್ಲಿ ಮೂರು ಬೇರೆ ಬೇರೆ ಕಾಲದ ಹಣ ಸೇರಿಕೊಂಡಿರುತ್ತದೆ. ಬಾಡಿಗೆ ಹಲವು ಸಂಪರ್ಕಗಳಲ್ಲಿ ಮುಂದಿನ ತಿಂಗಳದ್ದು. ಬಳಕೆಯ ಶುಲ್ಕ ಕಳೆದ ತಿಂಗಳದ್ದು. ಹಿಂದಿನ ಬಾಕಿ ಅದಕ್ಕೂ ಹಿಂದಿನದು. ಯಾವ ಸಾಲು ಯಾವ ತಿಂಗಳಿಗೆ ಸೇರಿದ್ದು ಎಂದು ಗುರುತಿಸುವುದನ್ನು ಕಲಿತರೆ ಬಿಲ್ ಓದುವುದನ್ನೇ ಕಲಿತಂತೆ.

ದಾವಣಗೆರೆಯ ಆ ಬಿಲ್ಲನ್ನೇ ಬಿಡಿಸಿ ನೋಡೋಣ. ಮೊದಲ ಪುಟದ ಮೇಲ್ಭಾಗದಲ್ಲಿ ಬಿಲ್ ದಿನಾಂಕ, ಬಿಲ್ ಅವಧಿ, ಹಣ ಕಟ್ಟುವ ಕೊನೆಯ ದಿನ ಎಂದು ಬಿಡಿಬಿಡಿಯಾಗಿ ಅಚ್ಚಾಗಿರುತ್ತದೆ. ಬಹಳ ಜನ ನೋಡುವುದು ಕೊನೆಯ ದಿನವನ್ನು ಮಾತ್ರ. ಒಳಗಿನ ಪುಟದಲ್ಲಿ ಬಾಡಿಗೆಯ ಎರಡು ಸಾಲುಗಳಿವೆ. ಒಂದರ ಮುಂದೆ ಜೂನ್ 16ರಿಂದ 30ರವರೆಗೆ ಎಂದಿದೆ, ಮೊತ್ತ 300. ಇನ್ನೊಂದರ ಮುಂದೆ ಜುಲೈ 1ರಿಂದ 31ರವರೆಗೆ ಎಂದಿದೆ, ಮೊತ್ತ 600. ಜೂನ್‌ಗೆ ಮೂವತ್ತು ದಿನ, ಸಂಪರ್ಕ ಇದ್ದದ್ದು ಹದಿನೈದು ದಿನ, ಆದ್ದರಿಂದ 600ರಲ್ಲಿ ಅರ್ಧ. ದಿನದ ಲೆಕ್ಕದಲ್ಲಿ ಹೀಗೆ ಬಾಡಿಗೆ ಹಾಕುವುದಕ್ಕೆ ಬಿಲ್ಲುಗಳಲ್ಲಿ ಪ್ರೊ-ರೇಟಾ ಎಂದು ಬರೆದಿರುತ್ತಾರೆ. ಎರಡನೆಯ ಸಾಲು ಜುಲೈ ತಿಂಗಳ ಮುಂಗಡ. ಎರಡೂ ಸೇರಿ 900, ಅದಕ್ಕೆ ಶೇ. 18 ತೆರಿಗೆ 162, ಒಟ್ಟು 1,062. ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿಲ್ಲ. ಈ ಬಿಲ್ ಕಟ್ಟಿದರೆ ಜುಲೈ ಪೂರ್ತಿ ಮುಗಿಯಿತು, ಆಗಸ್ಟ್ 1ರಂದು ಬರುವುದು ಬರೀ 708.

ಎಲ್ಲ ಕಂಪನಿಗಳೂ ಬಾಡಿಗೆಯನ್ನು ಮುಂಗಡವಾಗಿಯೇ ವಸೂಲಿ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಮೊಬೈಲಿನಲ್ಲಿ ಕಳೆದ ತಿಂಗಳ ಬಾಡಿಗೆಯನ್ನು ತಿಂಗಳು ಮುಗಿದ ಮೇಲೆ ಹಾಕುವ ಪದ್ಧತಿಯೂ ಇದೆ, ಮುಂಗಡದ ಪದ್ಧತಿಯೂ ಇದೆ. ಬಾಡಿಗೆಯ ಸಾಲಿನ ಪಕ್ಕದಲ್ಲಿರುವ ದಿನಾಂಕ ಬಿಲ್ ದಿನಾಂಕಕ್ಕಿಂತ ಮುಂದಿನದಾಗಿದ್ದರೆ ಮುಂಗಡ, ಹಿಂದಿನದಾಗಿದ್ದರೆ ಬಳಸಿ ಮುಗಿದ ತಿಂಗಳದ್ದು. ಇದನ್ನು ಮೊದಲ ಬಿಲ್ಲಿನಲ್ಲೇ ಒಮ್ಮೆ ನೋಡಿಟ್ಟುಕೊಂಡರೆ ಸಂಪರ್ಕ ಬಿಡುವ ದಿನ ಬಂದಾಗ ಬಹಳ ಉಪಯೋಗಕ್ಕೆ ಬರುತ್ತದೆ. ಮುಂಗಡ ಕಟ್ಟಿದವರು ತಿಂಗಳ ನಡುವೆ ಬಿಟ್ಟರೆ ಉಳಿದ ದಿನಗಳ ಬಾಡಿಗೆ ಅವರ ಲೆಕ್ಕಕ್ಕೆ ವಾಪಸ್ ಬರುತ್ತದೆಯೇ ಎಂಬುದನ್ನು ಪ್ಲಾನಿನ ಷರತ್ತಿನಲ್ಲಿ ನೋಡಿ ಕೇಳಬಹುದು.

ತಿಂಗಳ ನಡುವೆ ಪ್ಲಾನ್ ಬದಲಿಸಿದಾಗಲೂ ಬಿಲ್ ಇದೇ ರೀತಿ ಕವಲೊಡೆಯುತ್ತದೆ. 600 ರೂಪಾಯಿ ಪ್ಲಾನಿನಿಂದ 900ರ ಪ್ಲಾನಿಗೆ ಸೆಪ್ಟೆಂಬರ್ 11ರಂದು ಬದಲಾಯಿಸಿದರೆ ಉಳಿಯುವುದು ಇಪ್ಪತ್ತು ದಿನ. ಹಳೆಯ ಪ್ಲಾನಿನ ಇಪ್ಪತ್ತು ದಿನದ ಮುಂಗಡ 400 ರೂಪಾಯಿ ಮೈನಸ್ ಚಿಹ್ನೆಯೊಂದಿಗೆ ಕಾಣಿಸುತ್ತದೆ, ಹೊಸದರ ಇಪ್ಪತ್ತು ದಿನದ 600 ಪ್ಲಸ್ ಆಗಿ ಬರುತ್ತದೆ. ಮೈನಸ್ ಸಾಲು ಕಾಣೆಯಾಗಿದ್ದು ಪ್ಲಸ್ ಸಾಲು ಮಾತ್ರ ಇದ್ದರೆ ಅದೇ ಇಪ್ಪತ್ತು ದಿನಕ್ಕೆ ಎರಡು ಬಾಡಿಗೆ ಬಿದ್ದಿದೆ ಎಂದರ್ಥ. ಪ್ಲಾನ್ ಬದಲಿಸಿದ ತಿಂಗಳ ಬಿಲ್ಲಿನಲ್ಲಿ ಕಣ್ಣು ಮೊದಲು ಹುಡುಕಬೇಕಾದ್ದು ಆ ಮೈನಸ್ ಸಾಲನ್ನು.

ಇನ್ನು ಬಾಕಿಯ ವಿಷಯ. ದಾವಣಗೆರೆಯ ಮನೆಯವರಿಗೆ 1,062ರ ಲೆಕ್ಕ ಒಪ್ಪಿಗೆಯಾಗಲಿಲ್ಲ. ತಾವು ಲೆಕ್ಕ ಹಾಕಿದ್ದ 708 ರೂಪಾಯಿಯನ್ನು ಮಾತ್ರ ಆನ್‌ಲೈನಿನಲ್ಲಿ ಕಟ್ಟಿ ಸುಮ್ಮನಾದರು. 354 ಉಳಿಯಿತು. ಆಗಸ್ಟ್ 1ರ ಬಿಲ್ ಬಂದಾಗ ಮೊದಲ ಪುಟದಲ್ಲಿ ಹೀಗಿತ್ತು: ಹಿಂದಿನ ಬಿಲ್ 1,062, ಬಂದ ಹಣ 708, ಉಳಿದ ಬಾಕಿ 354, ಈ ತಿಂಗಳ ಶುಲ್ಕ 767, ಒಟ್ಟು ಕಟ್ಟಬೇಕಾದ್ದು 1,121.

767 ಎಲ್ಲಿಂದ ಬಂತು? ಬಾಡಿಗೆ 600, ಪೂರ್ತಿ ಹಣ ಕಟ್ಟದ್ದಕ್ಕೆ ತಡ ಶುಲ್ಕ 50, ಎರಡೂ ಸೇರಿ 650. ಅದಕ್ಕೆ ಶೇ. 18ರಂತೆ 117. ತಡ ಶುಲ್ಕ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಇಲ್ಲಿ 50 ಎಂದು ಉದಾಹರಣೆಗೆ ಇಟ್ಟುಕೊಂಡದ್ದು. ದಂಡದ ಮೇಲೂ ತೆರಿಗೆಯೇ ಎಂದು ಹಲವರು ಸಿಟ್ಟಾಗುತ್ತಾರೆ. ಜಿಎಸ್‌ಟಿ ಕಾನೂನಿನ 15ನೇ ಸೆಕ್ಷನ್ ಪ್ರಕಾರ ತಡವಾಗಿ ಹಣ ಕಟ್ಟಿದ್ದಕ್ಕೆ ವಿಧಿಸುವ ಬಡ್ಡಿ, ಲೇಟ್ ಫೀ, ದಂಡ ಎಲ್ಲವೂ ಸೇವೆಯ ಬೆಲೆಯೊಳಗೇ ಸೇರುತ್ತವೆ, ಹಾಗಾಗಿ 50 ರೂಪಾಯಿ ತಡ ಶುಲ್ಕ ಕೈಯಿಂದ ಹೋಗುವಾಗ 59 ಆಗುತ್ತದೆ.

ಆದರೆ ಹಿಂದಿನ ಬಾಕಿಯ ಮೇಲೆ ತೆರಿಗೆ ಬೀಳಬಾರದು. ಆ 354 ರೂಪಾಯಿಯೊಳಗೆ ಜುಲೈ ಬಿಲ್ಲಿನ ತೆರಿಗೆ ಆಗಲೇ ಕೂತಿದೆ. ಬಿಲ್ಲಿನ ತೆರಿಗೆ ಸರಿಯಿದೆಯೇ ಎಂದು ನೋಡುವುದಕ್ಕೆ ಕ್ಯಾಲ್ಕುಲೇಟರಿನಲ್ಲಿ ಒಂದೇ ಗುಣಾಕಾರ ಸಾಕು. ಈ ತಿಂಗಳ ಬಾಡಿಗೆ, ಬಳಕೆ, ತಡ ಶುಲ್ಕ ಎಲ್ಲ ಕೂಡಿಸಿ, ರಿಯಾಯಿತಿ ಇದ್ದರೆ ಕಳೆದು, ಬಂದ ಮೊತ್ತವನ್ನು 0.18ರಿಂದ ಗುಣಿಸಬೇಕು. ಬಿಲ್ಲಿನ ತೆರಿಗೆಗೂ ಈ ಉತ್ತರಕ್ಕೂ ಕೆಲವು ಪೈಸೆಗಳ ವ್ಯತ್ಯಾಸವಿದ್ದರೆ ಅದು ರೌಂಡಿಂಗ್. ಹತ್ತಾರು ರೂಪಾಯಿ ಹೆಚ್ಚಿದ್ದರೆ ಎಲ್ಲೋ ಬಾಕಿಯ ಮೊತ್ತಕ್ಕೂ ತೆರಿಗೆ ತಗುಲಿರಬಹುದು, ಇಲ್ಲವೇ ನೀವು ಗಮನಿಸದ ಇನ್ನೊಂದು ಶುಲ್ಕ ಒಳಗಿನ ಪುಟದಲ್ಲಿ ಅಡಗಿರಬಹುದು.

ಆಗಸ್ಟ್ ಬಿಲ್ಲಿನ 1,121 ರೂಪಾಯಿಯನ್ನು ಮನೆಯ ಯಜಮಾನರು ಕಟ್ಟಿದ್ದು ತಿಂಗಳ ಕೊನೆಯ ದಿನ, 31ರ ಸಂಜೆ. ಫೋನಿನಲ್ಲಿ ಹಸಿರು ಟಿಕ್ ಮಾರ್ಕ್ ಬಂತು, ಬ್ಯಾಂಕಿನಿಂದ ಮೆಸೇಜೂ ಬಂತು. ಕಂಪನಿಯ ಖಾತೆಗೆ ಆ ಹಣ ಜಮೆಯಾಗುವ ಮೊದಲೇ ಸೆಪ್ಟೆಂಬರ್ ಬಿಲ್ ತಯಾರಾಗಿಬಿಟ್ಟಿತು. ಅದರಲ್ಲಿ ಹಿಂದಿನ ಬಿಲ್ 1,121, ಬಂದ ಹಣ ಸೊನ್ನೆ, ಈ ತಿಂಗಳ ಶುಲ್ಕ ತಡ ಶುಲ್ಕವೂ ಸೇರಿ ಮತ್ತೆ 767, ಒಟ್ಟು 1,888.

ಇಲ್ಲಿ ಎರಡು ವಿಷಯ ಒಂದಕ್ಕೊಂದು ಹೆಣೆದುಕೊಂಡಿವೆ, ಬಿಡಿಸಿ ನೋಡಬೇಕು. ಕೊನೆಯ ದಿನ ದಾಟಿ ಕಟ್ಟಿದ್ದರಿಂದ ತಡ ಶುಲ್ಕ ಬಿದ್ದದ್ದು ನಿಜ, ಅದನ್ನು ಕಟ್ಟಲೇಬೇಕು. 1,121ರ ಬಾಕಿ ಮಾತ್ರ ನಿಜವಲ್ಲ. ಬಿಲ್ ಎಂಬುದು ಅದು ತಯಾರಾದ ಹೊತ್ತಿನಲ್ಲಿ ಕಂಪನಿಯ ಖಾತೆ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತದೆ, ಆಮೇಲೆ ಬಂದ ಹಣ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಈ ಮನೆಯವರು ಈಗ ಕಟ್ಟಬೇಕಾದ್ದು 767. ಕಂಪನಿಯ ಆ್ಯಪ್ ತೆರೆದು ನೋಡಿದರೆ ಹಣ ಜಮೆಯಾದ ಮೇಲೆ ಅಲ್ಲಿ ತೋರಿಸುವ ಬಾಕಿಯೂ ಅಷ್ಟೇ ಇರುತ್ತದೆ. ಪಿಡಿಎಫ್ ಬಿಲ್ಲಿಗೂ ಆ್ಯಪಿಗೂ ವ್ಯತ್ಯಾಸ ಬರುವುದಕ್ಕೆ ಬಹುತೇಕ ಇದೇ ಕಾರಣ.

ಗಾಬರಿಯಲ್ಲಿ 1,888ನ್ನೂ ಕಟ್ಟಿಬಿಟ್ಟರೆ? ಹಣ ಮುಳುಗುವುದಿಲ್ಲ. ಅಕ್ಟೋಬರ್ ಬಿಲ್ಲಿನಲ್ಲಿ ಹಿಂದಿನ ಬಿಲ್ 1,888, ಬಂದ ಹಣ 1,121 ಮತ್ತು 1,888 ಸೇರಿ 3,009. ಹೆಚ್ಚಿಗೆ ಬಂದ 1,121ರಲ್ಲಿ ಅಕ್ಟೋಬರಿನ 708 ಕಳೆದು, ಕಟ್ಟಬೇಕಾದ ಮೊತ್ತದ ಜಾಗದಲ್ಲಿ ಮೈನಸ್ 413 ಎಂದೋ 413 CR ಎಂದೋ ಬರುತ್ತದೆ. ಈ CR ಅಕ್ಷರ ಕಂಡರೆ ಅಷ್ಟು ಹಣ ಕಂಪನಿಯ ಹತ್ತಿರ ನಿಮ್ಮ ಹೆಸರಿನಲ್ಲಿದೆ ಎಂದರ್ಥ. ಅದನ್ನು ನೋಡದೆ ಮತ್ತೆ 413 ಕಟ್ಟುವವರಿದ್ದಾರೆ. ಬ್ಯಾಂಕಿನಲ್ಲಿ ಆಟೋಪೇ ಇಟ್ಟವರು ಅದರ ಜೊತೆಗೆ ಕೈಯಿಂದಲೂ ಕಟ್ಟಿದಾಗ ಬರುವುದೂ ಇದೇ CR.

ಹಿಂದಿನ ಬಾಕಿಯನ್ನು ಪರೀಕ್ಷಿಸಲು ಒಂದೇ ಬಿಲ್ ಸಾಲದು, ಎರಡನ್ನು ಅಕ್ಕಪಕ್ಕ ಇಡಬೇಕು. ಈ ತಿಂಗಳ ಬಿಲ್ಲಿನ ಮೊದಲ ಅಂಕಿ ಕಳೆದ ತಿಂಗಳ ಬಿಲ್ಲಿನ ಕೊನೆಯ ಅಂಕಿಗೆ ಸಮನಾಗಿರಬೇಕು. ಸಮನಾಗಿಲ್ಲದಿದ್ದರೆ ನಡುವೆ ಯಾರೋ ಏನೋ ಸೇರಿಸಿದ್ದಾರೆ, ಇಲ್ಲವೇ ಒಂದು ಬಿಲ್ ನಿಮ್ಮ ಕೈಗೆ ಬಂದಿಲ್ಲ. ಇ-ಮೇಲ್ ವಿಳಾಸ ಬದಲಾಗಿ ಬಿಲ್ ತಲುಪದೆ, ಎರಡು ತಿಂಗಳ ನಂತರ ದೊಡ್ಡ ಬಾಕಿ ಎದುರಾಗುವುದು ಹೀಗೆಯೇ.

ಬಾಕಿ ಮುಂದುವರಿಯುವುದು ಎಂದಾಗ ಇನ್ನೊಂದು ಗೊಂದಲವೂ ಇದೆ. ಕೆಲವು ಪೋಸ್ಟ್‌ಪೇಯ್ಡ್ ಪ್ಲಾನುಗಳಲ್ಲಿ ಈ ತಿಂಗಳು ಉಳಿದ ಡೇಟಾ ಮುಂದಿನ ತಿಂಗಳಿಗೆ ಸೇರುತ್ತದೆ, ಅದಕ್ಕೆ ಡೇಟಾ ರೋಲ್‌ಓವರ್ ಎನ್ನುತ್ತಾರೆ. ಅದು ಜಿಬಿಯ ಲೆಕ್ಕ, ರೂಪಾಯಿಯದ್ದಲ್ಲ. ಎಷ್ಟು ಜಿಬಿ ಉಳಿದರೂ ಬಾಡಿಗೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಕಂಪನಿ ಬದಲಿಸಿದರೆ ಅದು ಜೊತೆಗೆ ಬರುವುದೂ ಇಲ್ಲ.

ತೆರಿಗೆಯ ವಿಷಯದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ, ಆದರೆ ಹೋಲಿಕೆ ಮಾಡುವಾಗ ಎಡವುವುದು ಇಲ್ಲಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ದೂರಸಂಪರ್ಕ ಸೇವೆಯ ತೆರಿಗೆ ಶೇ. 15ರಿಂದ 18ಕ್ಕೆ ಏರಿತು. ಬಿಲ್ಲಿನಲ್ಲಿ ಇದು ಶೇ. 9 ಸಿಜಿಎಸ್‌ಟಿ, ಶೇ. 9 ಎಸ್‌ಜಿಎಸ್‌ಟಿ ಎಂದು ಎರಡು ಸಾಲಾಗಿ ಬರುತ್ತದೆ. ಒಂದು ಕೇಂದ್ರದ ಪಾಲು, ಇನ್ನೊಂದು ರಾಜ್ಯದ್ದು. ಕರ್ನಾಟಕದಲ್ಲಿ ನೋಂದಾಯಿಸಿದ ಕಂಪನಿಯ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ. ಪೋಸ್ಟ್‌ಪೇಯ್ಡ್ ಮೊಬೈಲಿಗೆ ರಾಜ್ಯದ ಪಾಲು ಯಾವ ರಾಜ್ಯಕ್ಕೆ ಎಂದು ನಿರ್ಧರಿಸುವುದು ಬಿಲ್ಲಿನ ವಿಳಾಸ. ಮುಂಬೈಯ ವಿಳಾಸದಲ್ಲಿ ಸಿಮ್ ಪಡೆದು ಬೆಂಗಳೂರಿನಲ್ಲಿ ಕೆಲಸ ಮಾಡುವವರ ಬಿಲ್ಲಿನ ರಾಜ್ಯದ ಪಾಲು ವಿಳಾಸ ಬದಲಿಸುವವರೆಗೂ ಮಹಾರಾಷ್ಟ್ರಕ್ಕೆ ಹೋಗುತ್ತದೆ. ಬ್ರಾಡ್‌ಬ್ಯಾಂಡಿಗೆ ಮಾತ್ರ ಲೈನ್ ಎಲ್ಲಿ ಹಾಕಿದೆಯೋ ಆ ರಾಜ್ಯವೇ ಲೆಕ್ಕ. ಎಲ್ಲಿಗೆ ಹೋದರೂ ಗ್ರಾಹಕರು ಕೊಡುವುದು ಶೇ. 18ರಷ್ಟೇ.

ಎಡವುವುದು ಎಲ್ಲಿ ಎಂದರೆ, ಪ್ರೀಪೇಯ್ಡ್ ರೀಚಾರ್ಜಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಬಾಡಿಗೆಯಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಅಂಗಡಿಯಲ್ಲಿ 599ರ ರೀಚಾರ್ಜ್ ಮಾಡಿಸಿದರೆ ಅದರಲ್ಲಿ 507 ರೂಪಾಯಿ 63 ಪೈಸೆ ಸೇವೆಗೆ, ಉಳಿದ 91 ರೂಪಾಯಿ 37 ಪೈಸೆ ತೆರಿಗೆಗೆ. ಪಕ್ಕದ ಬೋರ್ಡಿನಲ್ಲಿ 499 ಎಂದು ಬರೆದ ಪೋಸ್ಟ್‌ಪೇಯ್ಡ್ ಪ್ಲಾನಿಗೆ ತಿಂಗಳ ಕೊನೆಗೆ ಬರುವ ಬಿಲ್ 588 ರೂಪಾಯಿ 82 ಪೈಸೆ. ಬೋರ್ಡಿನ ಮೇಲೆ ನೂರು ರೂಪಾಯಿ ಕಡಿಮೆ ಕಂಡದ್ದು ಬಿಲ್ಲಿನಲ್ಲಿ ಹತ್ತು ರೂಪಾಯಿಗೆ ಇಳಿಯುತ್ತದೆ.

ಬಾಡಿಗೆ ಗೊತ್ತು, ತೆರಿಗೆಯೂ ಗೊತ್ತು. ಆದರೂ ಬಿಲ್ ಏರಿದೆ ಎಂದರೆ ಕಾರಣ ಬಳಕೆಯ ಶುಲ್ಕದಲ್ಲಿ ಇರಬೇಕು. ಅನ್‌ಲಿಮಿಟೆಡ್ ಪ್ಲಾನಿನಲ್ಲಿ ದೇಶದೊಳಗಿನ ಕರೆಗಳ ಮುಂದೆ ಸೊನ್ನೆ ಇರುತ್ತದೆ. ಹೊರದೇಶದ ಕರೆ, ಹೊರದೇಶದಲ್ಲಿ ರೋಮಿಂಗ್, ಮಿತಿ ದಾಟಿದ ಡೇಟಾ, ಕೇಳಿಯೋ ಕೇಳದೆಯೋ ಚಾಲೂ ಆದ ಹೆಚ್ಚುವರಿ ಸೇವೆಗಳು, ಹಣ ಬೀಳುವುದು ಇವುಗಳಿಗೆ. ವಿವರವಾದ ಬಿಲ್ ತೆರೆದರೆ ಪ್ರತಿ ಕರೆಯ ದಿನಾಂಕ, ಸಮಯ, ಸಂಖ್ಯೆ, ಅವಧಿ, ಮೊತ್ತ ಸಿಗುತ್ತದೆ. ಅವಧಿಗೂ ಮೊತ್ತಕ್ಕೂ ತಾಳೆಯಾಗದಂತೆ ಕಂಡರೆ ಪಲ್ಸ್ ನೆನಪಿಟ್ಟುಕೊಳ್ಳಬೇಕು. ನಿಮಿಷದ ಪಲ್ಸ್ ಇರುವ ಕಡೆ ದುಬೈನಲ್ಲಿರುವ ಮಗನ ಜೊತೆ 2 ನಿಮಿಷ 5 ಸೆಕೆಂಡ್ ಮಾತಾಡಿದರೆ ಮೂರು ನಿಮಿಷದ ದುಡ್ಡು.

ರೋಮಿಂಗಿನಲ್ಲಿ ಕಾಲದ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚು. ಸಿಂಗಪುರಕ್ಕೆ ಹೋದವರು ಅಲ್ಲಿನ ನೆಟ್‌ವರ್ಕ್ ಬಳಸಿದಾಗ ಆ ಲೆಕ್ಕವನ್ನು ಅಲ್ಲಿನ ಕಂಪನಿ ಇಲ್ಲಿನ ಕಂಪನಿಗೆ ಕಳಿಸಬೇಕು, ಆಮೇಲೆ ಅದು ಬಿಲ್ಲಿಗೆ ಬರಬೇಕು. ತಿಂಗಳ ಕೊನೆಯಲ್ಲಿ ಪ್ರಯಾಣ ಮಾಡಿದ್ದರೆ ಕೆಲವು ಸಾಲುಗಳು ಆ ತಿಂಗಳ ಬಿಲ್ಲಿನಲ್ಲಿ ಇರುವುದಿಲ್ಲ, ಮುಂದಿನ ಬಿಲ್ಲಿನಲ್ಲಿ ಹಳೆಯ ದಿನಾಂಕದೊಂದಿಗೆ ಬರುತ್ತವೆ. ಬಿಲ್ ಅವಧಿಯ ಹೊರಗಿನ ದಿನಾಂಕ ಕಂಡ ಕೂಡಲೇ ಮೋಸ ಎಂದುಕೊಳ್ಳಬೇಕಿಲ್ಲ. ಹಿಂದಿನ ಬಿಲ್ಲಿನಲ್ಲಿ ಅದೇ ದಿನ, ಅದೇ ಸಮಯದ ಸಾಲು ಇದೆಯೇ ಎಂದು ನೋಡಬೇಕು. ಇದ್ದರೆ ಎರಡು ಸಲ ಹಾಕಿದ್ದಾರೆ, ಇಲ್ಲದಿದ್ದರೆ ಲೆಕ್ಕ ತಡವಾಗಿ ಬಂದಿದೆ. ರೋಮಿಂಗ್ ಪ್ಯಾಕ್ ಹಾಕಿಸಿಕೊಂಡಿದ್ದರೆ ಅದು ಚಾಲೂ ಆದ ದಿನ, ಗಂಟೆಯನ್ನೂ ಜೊತೆಗಿಟ್ಟು ನೋಡಬೇಕು. ವಿಮಾನ ಇಳಿದು ಫೋನ್ ಆನ್ ಮಾಡಿದ ಮೇಲೆ ಪ್ಯಾಕ್ ತೆಗೆದುಕೊಂಡವರಿಗೆ ನಡುವಿನ ಕೆಲವೇ ನಿಮಿಷದ ಡೇಟಾ ಪ್ಯಾಕಿಲ್ಲದ ದರದಲ್ಲಿ ಬೀಳಬಹುದು. ಜೇಬಿನಲ್ಲಿ ಸುಮ್ಮನಿದ್ದ ಫೋನೂ ಮೇಲ್, ವಾಟ್ಸ್‌ಆ್ಯಪ್ ಫೋಟೊ ಎಂದು ಡೇಟಾ ಎಳೆಯುತ್ತಿರುತ್ತದೆ.

ಇನ್ನು ಹೆಚ್ಚುವರಿ ಸೇವೆಗಳು. ಕಾಲರ್ ಟ್ಯೂನ್, ಗೇಮ್, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿ ಹೀಗೆ ಹೆಸರು ಹಲವು, ಬಿಲ್ಲಿನಲ್ಲಿ ಒಟ್ಟಾಗಿ ವ್ಯಾಲ್ಯೂ ಆ್ಯಡೆಡ್ ಸರ್ವಿಸ್. ಇಂಥ ಸೇವೆ ಚಾಲೂ ಮಾಡುವ ಮೊದಲು ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು ಎಂದು ಟ್ರಾಯ್ ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2013ರಲ್ಲೇ ಆದೇಶಿಸಿದೆ. ಬೇಡವಾದದ್ದನ್ನು ನಿಲ್ಲಿಸಲು 155223 ಎಂಬ ಸಂಖ್ಯೆಯೂ ಇದೆ.

ಒಂದು ಉದಾಹರಣೆ ನೋಡಿ. ಒಬ್ಬರ ಬಿಲ್ಲಿನಲ್ಲಿ ಅವರು ಕೇಳದ ಒಂದು ಸೇವೆಗೆ 99 ರೂಪಾಯಿ ಬಿದ್ದಿದೆ. ಅವರು ಫೋನ್ ಮಾಡಿ ಜಗಳವಾಡುತ್ತಾರೆ, ಕಂಪನಿ ಒಪ್ಪಿಕೊಂಡು "99 ರೂಪಾಯಿ ವಾಪಸ್ ಹಾಕ್ತೀವಿ ಸರ್" ಎನ್ನುತ್ತದೆ. ಎಲ್ಲ ಸರಿಹೋಯಿತು ಎಂದು ಅವರು ಬಿಡುತ್ತಾರೆ. ಆದರೆ ಅವರ ಕೈಯಿಂದ ಹೋಗಿದ್ದು 99 ಅಲ್ಲ, ತೆರಿಗೆ ಸೇರಿ 116 ರೂಪಾಯಿ 82 ಪೈಸೆ. ಮುಂದಿನ ಬಿಲ್ಲಿನಲ್ಲಿ ಈ 99 ಯಾವ ಜಾಗದಲ್ಲಿ ಮೈನಸ್ ಆಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತೆರಿಗೆಯ ಸಾಲಿಗಿಂತ ಮೇಲೆ, ಈ ತಿಂಗಳ ಶುಲ್ಕದೊಳಗೆ ಮೈನಸ್ ಆದರೆ ತೆರಿಗೆಯೂ ತಾನಾಗಿ 17 ರೂಪಾಯಿ 82 ಪೈಸೆ ಇಳಿಯುತ್ತದೆ. ತೆರಿಗೆಯ ಕೆಳಗೆ, ಅಡ್ಜಸ್ಟ್‌ಮೆಂಟ್ ಎಂಬ ಸಾಲಿನಲ್ಲಿ ಬರೀ 99 ಬಂದರೆ ಆ 17 ರೂಪಾಯಿ 82 ಪೈಸೆ ಹೋದಂತೆಯೇ. ಸೇವೆಯೇ ಕೊಟ್ಟಿಲ್ಲ ಎಂದು ಒಪ್ಪಿದ ಮೇಲೆ ತೆರಿಗೆ ಉಳಿಸಿಕೊಳ್ಳಲು ಕಾರಣವೇ ಇಲ್ಲ. ಜಿಎಸ್‌ಟಿಯಲ್ಲಿ ಇದಕ್ಕೆಂದೇ ಕ್ರೆಡಿಟ್ ನೋಟ್ ಎಂಬ ವ್ಯವಸ್ಥೆ ಇದೆ. 17 ರೂಪಾಯಿ ಸಣ್ಣದೆಂದು ಬಿಡಬಹುದು. ರೋಮಿಂಗಿನ ತಪ್ಪು ಬಿಲ್ 5,000 ರೂಪಾಯಿಯದ್ದಾಗಿದ್ದರೆ ಇದೇ ತೆರಿಗೆ 900 ರೂಪಾಯಿ. ಫೋನಿನಲ್ಲಿ ಮಾತಾಡುವಾಗಲೇ "ಜಿಎಸ್‌ಟಿ ಸೇರಿಸಿ ವಾಪಸ್ ಹಾಕ್ತೀರಾ?" ಎಂದು ಕೇಳುವುದು ವಾಸಿ.

ದೂರು ಕೊಡುವ ದಾರಿ ಹೀಗಿದೆ. ಮೊದಲು ಕಂಪನಿಯ ದೂರು ಕೇಂದ್ರ, ಮೊಬೈಲಿನಿಂದ 198. ಅಲ್ಲಿ ದೂರು ದಾಖಲಾದರೆ ಡಾಕೆಟ್ ಸಂಖ್ಯೆ ಕೊಡಲೇಬೇಕು. ಸಂಖ್ಯೆ ಕೊಡದೆ ಬರೀ ಸಮಾಧಾನ ಹೇಳಿದ್ದಾರೆ ಎಂದರೆ ಕಡತದಲ್ಲಿ ನೀವು ದೂರು ಕೊಟ್ಟೇ ಇಲ್ಲ. "ಬಿಲ್ ಜಾಸ್ತಿ ಬಂದಿದೆ" ಎಂದರೆ ಅದನ್ನು ವಿಚಾರಣೆ ಎಂದು ಬರೆದುಕೊಂಡು ಮುಗಿಸಿಬಿಡಬಹುದು. "ಸೆಪ್ಟೆಂಬರ್ 1ರ ಬಿಲ್ಲಿನಲ್ಲಿ ಈ ಹೆಸರಿನ ಸಾಲಿಗೆ 99 ರೂಪಾಯಿ ಹಾಕಿದ್ದೀರಿ, ನಾನು ಒಪ್ಪಿಗೆ ಕೊಟ್ಟಿಲ್ಲ" ಎಂದು ಬಿಲ್ ಸಂಖ್ಯೆ, ದಿನಾಂಕ, ಸಾಲು, ಮೊತ್ತ ಹೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಹಣ ಕಟ್ಟಿದ್ದೂ ಬಾಕಿ ತೋರಿಸುತ್ತಿದ್ದರೆ ಬ್ಯಾಂಕಿನ ಯುಟಿಆರ್ ಸಂಖ್ಯೆ ಬೇಕು, ಪಾವತಿ ಆ್ಯಪಿನ ಸ್ಕ್ರೀನ್‌ಶಾಟ್ ಒಂದೇ ಸಾಲುವುದಿಲ್ಲ. ಹಣ ಹೋದದ್ದು ಹಳೆಯ ಖಾತೆ ಸಂಖ್ಯೆಗೋ ಬೇರೆಯವರ ನಂಬರಿಗೋ ಎಂದು ಹುಡುಕಲು ಅವರಿಗೂ ಆ ಸಂಖ್ಯೆಯೇ ದಾರಿ. ತಗಾದೆ ಇರುವ ಮೊತ್ತ ಬಿಟ್ಟು ಉಳಿದದ್ದನ್ನು ಕೊನೆಯ ದಿನದೊಳಗೆ ಕಟ್ಟಿ, ಯಾವುದನ್ನು ಯಾಕೆ ಬಿಟ್ಟಿದ್ದೇವೆ ಎಂದು ಮೇಲ್ ಹಾಕಿಟ್ಟರೆ ನಂತರ ವಾದಕ್ಕೆ ಬಲ ಬರುತ್ತದೆ.

ದೂರು ಕೇಂದ್ರದ ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ. ಟ್ರಾಯ್‌ನ 2012ರ ನಿಯಮದ ಪ್ರಕಾರ ಅದು 39 ದಿನದಲ್ಲಿ ತೀರ್ಮಾನಿಸಬೇಕು. ಟ್ರಾಯ್‌ಗೇ ನೇರವಾಗಿ ಬರೆಯುವವರಿದ್ದಾರೆ, ಆದರೆ ಒಬ್ಬೊಬ್ಬ ಗ್ರಾಹಕರ ಬಿಲ್ಲಿನ ಜಗಳವನ್ನು ಟ್ರಾಯ್ ಬಗೆಹರಿಸುವುದಿಲ್ಲ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಹಿಂದೆ ಕಂಪನಿಗಳು ಟೆಲಿಗ್ರಾಫ್ ಕಾಯ್ದೆಯನ್ನು ಮುಂದಿಟ್ಟು, ಫೋನ್ ವ್ಯಾಜ್ಯ ಗ್ರಾಹಕರ ಆಯೋಗದ ವ್ಯಾಪ್ತಿಗೆ ಬರುವುದೇ ಇಲ್ಲ ಎಂದು ವಾದಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಹೇಗೆ ಬರೆಯಬೇಕೆಂದು ತಿಳಿಯದವರು ಮೊದಲು 1915ಕ್ಕೆ ಕರೆ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ.

ಕಂಪನಿ ಬದಲಿಸಿದರೆ ಹಳೆಯ ಬಾಕಿಯಿಂದ ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆಯೂ ಜನರಲ್ಲಿದೆ. ಪೋಸ್ಟ್‌ಪೇಯ್ಡ್ ನಂಬರನ್ನು ಪೋರ್ಟ್ ಮಾಡಲು 1900ಕ್ಕೆ ಮೆಸೇಜ್ ಕಳಿಸಿದಾಗ, ಬಂದಿರುವ ಬಿಲ್ಲಿನಲ್ಲಿ ಕೊನೆಯ ದಿನ ದಾಟಿದ ಬಾಕಿ ಇದ್ದರೆ ಪೋರ್ಟಿಂಗ್ ಕೋಡೇ ಬರುವುದಿಲ್ಲ. ಬಾಕಿ ಇಲ್ಲದೆ ಹೋದವರಿಗೂ ಹಳೆಯ ಕಂಪನಿಯಿಂದ ಒಂದು ಕೊನೆಯ ಬಿಲ್ ಬರುತ್ತದೆ. ಕಳೆದ ಬಿಲ್ಲಿನಿಂದ ಪೋರ್ಟ್ ಆದ ದಿನದವರೆಗಿನ ಬಾಡಿಗೆ, ಬಳಕೆ ಅದರಲ್ಲಿರುತ್ತದೆ. ಹೊಸ ಸಿಮ್ ನಡೆಯುತ್ತಿದೆಯಲ್ಲ ಎಂದು ಇದನ್ನು ಕಟ್ಟದೆ ಬಿಟ್ಟರೆ ಹಳೆಯ ಕಂಪನಿ ಹೊಸ ಕಂಪನಿಗೆ ಬಾಕಿಯ ವಿಷಯ ತಿಳಿಸಬಹುದು, ಆಗ ಹೊಸ ಕಂಪನಿಯಲ್ಲೇ ನಂಬರ್ ಬಂದ್ ಆಗುತ್ತದೆ. ಸಿಮ್ ತೆಗೆದುಕೊಳ್ಳುವಾಗ ಡಿಪಾಸಿಟ್ ಕಟ್ಟಿದ್ದರೆ ಕೊನೆಯ ಬಿಲ್ಲಿನಲ್ಲಿ ಅದನ್ನು ಕಳೆದಿದ್ದಾರೆಯೇ ಎಂದು ನೋಡುವ ಸಮಯವೂ ಇದೇ.

ಬ್ರಾಡ್‌ಬ್ಯಾಂಡಿನಲ್ಲಿ ತೊಂದರೆ ಇನ್ನೊಂದು ತೆರನಾದದ್ದು. ಮನೆ ಖಾಲಿ ಮಾಡಿದವರು ರೂಟರ್ ಆಫ್ ಮಾಡಿ, ಬಿಲ್ ಕಟ್ಟುವುದನ್ನು ನಿಲ್ಲಿಸಿ ಹೊರಟುಬಿಡುತ್ತಾರೆ. ಕಂಪನಿಯ ಕಡತದಲ್ಲಿ ಸಂಪರ್ಕ ಜೀವಂತವಾಗಿಯೇ ಇರುತ್ತದೆ, ಬಾಡಿಗೆ, ತಡ ಶುಲ್ಕ, ಅದರ ತೆರಿಗೆ ಸೇರುತ್ತಾ ಹೋಗಬಹುದು. ಸಂಪರ್ಕ ರದ್ದು ಮಾಡಿ ಎಂಬ ಕೋರಿಕೆಯ ಸಂಖ್ಯೆ, ರೂಟರ್ ವಾಪಸ್ ಕೊಟ್ಟದ್ದಕ್ಕೆ ಸಹಿ ಹಾಕಿದ ಚೀಟಿ, ಬಾಕಿ ಸೊನ್ನೆ ಎಂದು ಅಚ್ಚಾದ ಕೊನೆಯ ಬಿಲ್, ಈ ಮೂರೂ ಕೈಗೆ ಬರುವವರೆಗೆ ಆ ಖಾತೆ ಮುಚ್ಚಿದೆ ಎಂದು ತಿಳಿಯುವಂತಿಲ್ಲ.